ಪಾಲಕರು ಕೇಳುವುದೇನು, ಪುಸ್ತಿಕೆ ಹೇಳುವುದೇನು: ಶಾಲಾ ಪ್ರವೇಶದ ಕೈಪಿಡಿಯನ್ನು ಬರೆಯುವ ಬಗೆ

ಶಾಲೆಗಳ ಮುಖ್ಯಸ್ಥರೇ, ಆಡಳಿತ ಮಂಡಳಿಯ ಸದಸ್ಯರೇ, ಕಚೇರಿಯ ಹೊಣೆ ಹೊತ್ತಿರುವ ಗೆಳೆಯರೇ,

ಶಾಲೆಗಳಿಗೆ ಪ್ರವೇಶ ಪುಸ್ತಿಕೆಗಳನ್ನು ಬರೆದುಕೊಡುವುದು ಬಹಳ ಕಾಲದಿಂದ ನನ್ನ ಉದ್ಯೋಗ. ಮೊದಲ ಕೆಲವು ಪುಸ್ತಿಕೆಗಳನ್ನು ನಾನೂ ಎಲ್ಲರಂತೆಯೇ ಬರೆದೆ: ಮುಖಪುಟದಲ್ಲಿ ನಗುವ ಮಕ್ಕಳು, ಎರಡನೆಯ ಪುಟದಲ್ಲಿ ಅಧ್ಯಕ್ಷರ ಸಂದೇಶ, ಮೂರನೆಯದರಲ್ಲಿ ಸರ್ವತೋಮುಖ ಬೆಳವಣಿಗೆ, ಕೊನೆಯ ಪುಟದಲ್ಲಿ ದೂರವಾಣಿ ಸಂಖ್ಯೆ. ಆ ಪುಸ್ತಿಕೆಯಲ್ಲಿ ಪಾಲಕರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತಿದ್ದುದು ಕೊನೆಯ ಪುಟ ಮಾತ್ರ ಎಂಬುದು ನನಗೆ ತಿಳಿದದ್ದು ಒಂದು ಶಾಲೆಯ ಮುಂಗಟ್ಟೆಯ ಮೇಜಿನ ಪಕ್ಕದಲ್ಲಿ ಎರಡು ದಿನ ಕುಳಿತಾಗ. ದೂರವಾಣಿ ಎತ್ತುತ್ತಿದ್ದ ಸಿಬ್ಬಂದಿಯ ಕೈಯಲ್ಲಿ ನಮ್ಮದೇ ಪುಸ್ತಿಕೆ ಇತ್ತು. ಬಂದ ಪ್ರಶ್ನೆಗಳಲ್ಲಿ ಒಂದಕ್ಕೂ ಅವರು ಅದನ್ನು ತೆರೆಯಲಿಲ್ಲ.

ಅಂದಿನಿಂದ ಯಾವ ಶಾಲೆಯ ಕೆಲಸ ಒಪ್ಪಿಕೊಂಡರೂ ಮೊದಲು ಕೇಳುವುದು ಒಂದು ನೋಟ್‌ಬುಕ್ಕು. ಪ್ರವೇಶದ ಋತುವಿನಲ್ಲಿ ಕಚೇರಿಗೆ ಬಂದ ಪ್ರತಿಯೊಂದು ಪ್ರಶ್ನೆಯನ್ನೂ, ತಿದ್ದದೆ, ಕೇಳಿದವರ ಮಾತಿನಲ್ಲೇ ಅದರಲ್ಲಿ ಬರೆದಿಡಬೇಕು. ತಿದ್ದಬಾರದು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. "ಡಬ್ಬಿ ಹಾಗೇ ವಾಪಸ್ ಬಂದ್ರೆ ಯಾರಾದ್ರೂ ನೋಡ್ತಾರಾ ಮೇಡಂ?" ಎಂದು ಒಬ್ಬ ತಾಯಿ ಕೇಳಿದ್ದನ್ನು ಸಿಬ್ಬಂದಿ "ಆಹಾರದ ಬಗ್ಗೆ ವಿಚಾರಣೆ" ಎಂದು ಬರೆದುಕೊಂಡರೆ, ನಾಳೆ ಪುಸ್ತಿಕೆಯಲ್ಲಿ ಪೌಷ್ಟಿಕತೆಯ ಮೇಲೆ ಒಂದು ಪ್ಯಾರಾ ಬರುತ್ತದೆ, ಆ ತಾಯಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಆಕೆಗೆ ಬೇಕಿದ್ದುದು ಊಟದ ಹೊತ್ತಿನಲ್ಲಿ ಮಗುವಿನ ಪಕ್ಕದಲ್ಲಿ ದೊಡ್ಡವರು ಯಾರಾದರೂ ಇರುತ್ತಾರೆಯೇ ಎಂಬುದು.

ಇಂಥ ನೋಟ್‌ಬುಕ್ಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಾಲುಗಳನ್ನು ಹಿಡಿಯುವುದು ಹಣ. ಆದ್ದರಿಂದ ಶುಲ್ಕದ ಪುಟದ ಬಗ್ಗೆ ಇಂದು ಸ್ವಲ್ಪ ನಿಧಾನವಾಗಿ ಮಾತನಾಡುತ್ತೇನೆ.

ಪಾಲಕರು ಕೇಳುವ ಪ್ರಶ್ನೆ "ವಾರ್ಷಿಕ ಬೋಧನಾ ಶುಲ್ಕ ಎಷ್ಟು" ಎಂಬುದಲ್ಲ. "ಒಂದು ವರ್ಷ ಮುಗಿಯುವಷ್ಟರಲ್ಲಿ ನನ್ನ ಕೈಯಿಂದ ಒಟ್ಟು ಎಷ್ಟು ಹೋಗಿರುತ್ತದೆ, ಅದರ ಮರುವರ್ಷ ಎಷ್ಟು ಹೋಗುತ್ತದೆ" ಎಂಬುದು ಅವರ ಪ್ರಶ್ನೆ. ಈ ಎರಡರ ನಡುವಿನ ಅಂತರ ಎಷ್ಟಿರಬಹುದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಬೋಧನಾ ಶುಲ್ಕವನ್ನು 100 ಎಂದು ಇಟ್ಟುಕೊಳ್ಳಿ. ಒಮ್ಮೆ ಮಾತ್ರ ಕೊಡಬೇಕಾದ ಪ್ರವೇಶ ಶುಲ್ಕ 40, ಮರಳಿ ಸಿಗುವ ಠೇವಣಿ 25, ಪುಸ್ತಕ ಮತ್ತು ಸಮವಸ್ತ್ರ 18, ಬಸ್ಸು 30, ಪ್ರಯೋಗಾಲಯ, ಪರೀಕ್ಷೆ, ಚಟುವಟಿಕೆ ಎಂದು 12, ಪ್ರವಾಸಕ್ಕೆ 5. ಕೂಡಿದರೆ 230 ಆಗುತ್ತದೆ. ಅಂದರೆ 100 ಎಂದು ಮಾತ್ರ ಮುದ್ರಿಸಿ, ಕೆಳಗೆ ಸಣ್ಣ ಅಕ್ಷರದಲ್ಲಿ "ಇತರ ಶುಲ್ಕಗಳು ಪ್ರತ್ಯೇಕ" ಎಂದು ಸೇರಿಸಿದ ಪುಸ್ತಿಕೆ, ಮೊದಲ ವರ್ಷದ ಖರ್ಚಿನಲ್ಲಿ ಅರ್ಧವನ್ನೂ ಹೇಳಿರುವುದಿಲ್ಲ.

ಇನ್ನು ಎರಡನೆಯ ವರ್ಷ. ಪ್ರವೇಶ ಶುಲ್ಕವೂ ಠೇವಣಿಯೂ ಇರುವುದಿಲ್ಲ. ಬೋಧನಾ ಶುಲ್ಕ ಏರಿ 108, ಬಸ್ಸು 32, ಹಳೆಯ ಸಮವಸ್ತ್ರ ಇನ್ನೂ ನಡೆಯುವುದರಿಂದ ಪುಸ್ತಕಾದಿಗಳು 12, ಚಟುವಟಿಕೆ 13, ಪ್ರವಾಸ 5. ಒಟ್ಟು 170. ಈ ಎರಡು ಮೊತ್ತಗಳನ್ನು, 230 ಮತ್ತು 170 ಎಂದು, ಅಕ್ಕಪಕ್ಕದ ಎರಡು ಕಾಲಮ್ಮುಗಳಲ್ಲಿ ಇಡುವುದೇ ಶುಲ್ಕದ ಪುಟದ ಮುಖ್ಯ ಕೆಲಸ. ಮೊದಲನೆಯದು ಸಾಲ ಮಾಡಬೇಕೇ ಎಂಬುದನ್ನು ತೀರ್ಮಾನಿಸಲು ಬೇಕು. ಎರಡನೆಯದು, ಮಗು ಆ ಶಾಲೆಯಲ್ಲಿ ಹತ್ತು ವರ್ಷ ಓದಬಹುದೇ ಎಂಬುದನ್ನು ತೀರ್ಮಾನಿಸಲು. ಒಂದೇ ಕಾಲಮ್ಮು ಇದ್ದರೆ ಮೊದಲ ವರ್ಷದ ಮೊತ್ತವೇ ಪ್ರತಿ ವರ್ಷದ್ದೆಂದು ಭಾವಿಸಿ ಹಿಂದೆ ಸರಿಯುವವರೂ ಇರುತ್ತಾರೆ. ಮುಚ್ಚಿಟ್ಟದ್ದರಿಂದ ಶಾಲೆಗೂ ನಷ್ಟವಾಗುವುದು ಹೀಗೆ.

ಮೊತ್ತದಷ್ಟೇ ಮುಖ್ಯವಾದದ್ದು ತಾರೀಖು. ಕಂತು ಎಷ್ಟು, ಯಾವ ಕಂತಿಗೆ ಎಷ್ಟು ಪಾಲು, ಕೊನೆಯ ದಿನ ಯಾವುದು, ತಡವಾದರೆ ದಂಡವೆಷ್ಟು ಎಂಬುದು ಅದೇ ಪುಟದಲ್ಲಿರಬೇಕು. ಠೇವಣಿ "ಮರಳಿಸಲಾಗುವುದು" ಎಂದು ಬರೆದರೆ ಸಾಲದು. ಮಗು ಶಾಲೆ ಬಿಟ್ಟ ಎಷ್ಟು ದಿನಕ್ಕೆ, ಯಾವ ಕಾಗದ ತೋರಿಸಿದ ಮೇಲೆ, ಯಾವುದನ್ನು ಕಳೆದು ಕೊಡಲಾಗುತ್ತದೆ ಎಂದು ಬರೆಯಬೇಕು. ಹಾಗೆಯೇ ಹಿಂದೆ ಸರಿಯುವವರ ವಿಷಯ: ತರಗತಿ ಆರಂಭವಾಗುವ ಮುಂಚೆ ಬಿಟ್ಟರೆ ಎಷ್ಟು ವಾಪಸ್ಸು, ಮೊದಲ ಅವಧಿಯ ನಡುವೆ ಬಿಟ್ಟರೆ ಎಷ್ಟು, ಆಮೇಲೆ ಬಿಟ್ಟರೆ ಎಷ್ಟು. ಈ ಸಾಲುಗಳನ್ನು ಬರೆಯಲು ಆಡಳಿತ ಮಂಡಳಿಗಳು ಹಿಂಜರಿಯುತ್ತವೆ. ಬರುವ ಮೊದಲೇ ಹೋಗುವ ಮಾತೇಕೆ ಎನ್ನುತ್ತವೆ. ಆದರೆ ಈ ಪ್ರಶ್ನೆಯನ್ನು ಕೇಳುವವರಲ್ಲಿ ಹೆಚ್ಚಿನವರು ಶಾಲೆ ಬಿಡುವ ಯೋಚನೆಯಲ್ಲಿ ಇರುವವರಲ್ಲ, ವರ್ಗವಾಗುವ ನೌಕರಿಯಲ್ಲಿ ಇರುವವರು.

ಒಟ್ಟು ಮೊತ್ತವನ್ನು ಅಚ್ಚು ಹಾಕಿದರೆ ಪಾಲಕರು ಓಡಿಹೋಗುತ್ತಾರೆ ಎಂಬ ಭಯವನ್ನು ನಾನು ಬಹಳ ಕಡೆ ಕೇಳಿದ್ದೇನೆ. ಕೆಲವರು ಹೋಗುತ್ತಾರೆ ಎಂಬುದು ನಿಜ. ಆದರೆ ಅವರು ಎಲ್ಲಿ ಹೋಗುತ್ತಾರೆ ಎಂಬುದನ್ನು ನೋಡಬೇಕು. ಪುಟ ಓದಿ ಹೋದವರ ಜಾಗಕ್ಕೆ ಕಾಯುವ ಪಟ್ಟಿಯಿಂದ ಇನ್ನೊಂದು ಮಗು ಬರುತ್ತದೆ. ಎರಡನೆಯ ಕಂತಿನಲ್ಲಿ ಕೈಸೋತು ವರ್ಷದ ನಡುವೆ ಬಿಟ್ಟವರ ಜಾಗಕ್ಕೆ ಸುಲಭವಾಗಿ ಯಾರೂ ಬರುವುದಿಲ್ಲ. ಅಷ್ಟು ಹೊತ್ತಿಗೆ ಎಲ್ಲ ಮಕ್ಕಳೂ ಎಲ್ಲೋ ಒಂದು ಕಡೆ ಸೇರಿಬಿಟ್ಟಿರುತ್ತಾರೆ.

ಹಣದ ನಂತರ ಪಾಲಕರು ತಿರುಗಿಸಿ ತಿರುಗಿಸಿ ಕೇಳುವುದು ತರಗತಿಯಲ್ಲಿ ಎಷ್ಟು ಮಕ್ಕಳಿರುತ್ತಾರೆ ಎಂದು. ಪುಸ್ತಿಕೆಗಳು ಇದಕ್ಕೆ ಕೊಡುವ ಉತ್ತರ ಶಿಕ್ಷಕ-ವಿದ್ಯಾರ್ಥಿ ಅನುಪಾತ. ಇದು ಸುಳ್ಳಲ್ಲ, ಆದರೆ ಇದು ಬೇರೆ ಪ್ರಶ್ನೆಯ ಉತ್ತರ. ಒಂದು ಶಾಲೆಯಲ್ಲಿ 600 ಮಕ್ಕಳು, 40 ಶಿಕ್ಷಕರು ಇದ್ದಾರೆ ಎನ್ನೋಣ, ಭಾಗಿಸಿದರೆ 15. ಪುಸ್ತಿಕೆ "ಪ್ರತಿ 15 ಮಕ್ಕಳಿಗೆ ಒಬ್ಬ ಶಿಕ್ಷಕರು" ಎನ್ನುತ್ತದೆ. ಜೂನಿಯರ್ ಸೆಕ್ಷನ್ನಿನ ಬಾಗಿಲಲ್ಲಿ ನಿಂತು ಎಣಿಸಿದ ತಂದೆಗೆ ಸಿಗುವುದು 30 ತಲೆ. ಎಲ್ಲಿ ಹೋಯಿತು ಆ ಅರ್ಧ? ಆ ಶಾಲೆಯಲ್ಲಿ 20 ಸೆಕ್ಷನ್ನುಗಳಿವೆ, ಪ್ರತಿ ಸೆಕ್ಷನ್ನಿಗೆ ವಾರಕ್ಕೆ 40 ಪೀರಿಯಡ್ಡುಗಳು, ಅಂದರೆ ಒಟ್ಟು 800. ಒಬ್ಬ ಶಿಕ್ಷಕರು ವಾರಕ್ಕೆ 25 ಪೀರಿಯಡ್ಡು ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ನೋಟ್‌ಬುಕ್ಕು ತಿದ್ದಿ, ಮರುದಿನದ ತಯಾರಿ ನಡೆಸುತ್ತಾರೆ. 800ನ್ನು 25ರಿಂದ ಭಾಗಿಸಿದರೆ 32 ಶಿಕ್ಷಕರು ಬೇಕು. ಉಳಿದ 8 ಮಂದಿ ಮುಖ್ಯೋಪಾಧ್ಯಾಯರು, ಗ್ರಂಥಪಾಲಕರು, ಆಪ್ತಸಮಾಲೋಚಕರು, ಸಂಯೋಜಕರು ಮೊದಲಾದವರು. ಎಲ್ಲರೂ ಬೇಕಾದವರೇ, ಯಾರೂ ಸುಮ್ಮನೆ ಕುಳಿತವರಲ್ಲ. ಆದರೆ ಗಣಿತದ ಪೀರಿಯಡ್ಡಿನಲ್ಲಿ ಕೋಣೆಯೊಳಗೆ ಇರುವುದು ಒಬ್ಬರು ಶಿಕ್ಷಕರು, 30 ಮಕ್ಕಳು.

ಹಾಗಾಗಿ ನಾನು ಅನುಪಾತವನ್ನು ತೆಗೆದುಹಾಕಿ ಎರಡು ಅಂಕಿಗಳನ್ನು ಬರೆಸುತ್ತೇನೆ: ಈಗ ಪ್ರತಿ ತರಗತಿಯ ಅತಿ ದೊಡ್ಡ ಸೆಕ್ಷನ್ನಿನಲ್ಲಿ ಇರುವ ಮಕ್ಕಳ ಸಂಖ್ಯೆ, ಮತ್ತು ಎಷ್ಟಾದ ಮೇಲೆ ಶಾಲೆ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಮಿತಿ. ಸರಾಸರಿ ಬೇಡ ಎಂದು ಹೇಳುತ್ತೇನೆ. ಯಾವ ಮಗುವೂ ಸರಾಸರಿಯಲ್ಲಿ ಕೂತು ಪಾಠ ಕೇಳುವುದಿಲ್ಲ. ಫಲಿತಾಂಶದ ಪುಟಕ್ಕೂ ಇದೇ ಎಚ್ಚರ ಬೇಕು: ಪರೀಕ್ಷೆ ಬರೆದ 60 ಮಕ್ಕಳಲ್ಲಿ 60 ಜನ ಪಾಸಾದರೆ ಅದು ನೂರಕ್ಕೆ ನೂರು ನಿಜ, ಆದರೆ ಎರಡು ವರ್ಷದ ಹಿಂದೆ ಅದೇ ಗುಂಪಿನಲ್ಲಿ 74 ಮಕ್ಕಳಿದ್ದರೆ ಓದುವವರು ಉಳಿದ 14ರ ಬಗ್ಗೆ ಕೇಳಿಯೇ ಕೇಳುತ್ತಾರೆ.

ವಯಸ್ಸಿನ ನಿಯಮ ಚಿಕ್ಕದು, ಆದರೆ ಅತಿ ಹೆಚ್ಚು ದೂರವಾಣಿ ಕರೆ ತರುವ ಸಾಲುಗಳಲ್ಲಿ ಅದೂ ಒಂದು. "6 ವರ್ಷ ತುಂಬಿರಬೇಕು" ಎಂದರೆ ಯಾವ ದಿನಕ್ಕೆ? ಅರ್ಜಿ ಹಾಕುವ ದಿನಕ್ಕೋ, ಶಾಲೆ ತೆರೆಯುವ ದಿನಕ್ಕೋ? ದಿನಾಂಕ ಬರೆದು, ಪಕ್ಕದಲ್ಲಿ "ಈ ದಿನದಂದು ಅಥವಾ ಇದಕ್ಕೆ ಮೊದಲು ಹುಟ್ಟಿದವರು" ಎಂದು ಇನ್ನೊಂದು ದಿನಾಂಕವನ್ನು ನಾವೇ ಲೆಕ್ಕ ಹಾಕಿ ಕೊಟ್ಟರೆ ಆ ಕರೆಗಳು ನಿಲ್ಲುತ್ತವೆ.

ಕರಡು ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸುವ ಒಂದು ವಿಧಾನವನ್ನು ನಾನು ಬಿಟ್ಟುಕೊಡುವುದಿಲ್ಲ. ಶಾಲೆಯ ಪರಿಚಯವೇ ಇಲ್ಲದ ಮೂವರು ಅಥವಾ ನಾಲ್ವರು ಪಾಲಕರಿಗೆ ಕರಡನ್ನೂ ಒಂದು ಖಾಲಿ ಹಾಳೆಯನ್ನೂ ಕೊಟ್ಟು, ಒಂದು ನಿರ್ದಿಷ್ಟ ಮಗುವನ್ನು ಹೇಳುತ್ತೇನೆ: ಇಂಥ ದಿನ ಹುಟ್ಟಿದ್ದು, ಬಸ್ಸು ಬೇಕು, ಇಂಥ ತರಗತಿಗೆ. ಮೊದಲ ವರ್ಷದ ಒಟ್ಟು ಖರ್ಚು, ಮೊದಲ ಕಂತಿನ ದಿನ, ಮಗು ಮನೆ ಸೇರುವ ಹೊತ್ತು ಇಷ್ಟನ್ನು ಅವರು ಹಾಳೆಯ ಮೇಲೆ ಬರೆಯಬೇಕು. ಅದೇ ಪ್ರಶ್ನೆಗಳಿಗೆ ಲೆಕ್ಕಪತ್ರ ವಿಭಾಗದವರೂ ಉತ್ತರ ಬರೆಯುತ್ತಾರೆ. ಎರಡು ಹಾಳೆ ಒಂದೇ ಆಗದಿದ್ದರೆ ತಪ್ಪು ಪುಸ್ತಿಕೆಯದು. ಒಮ್ಮೆ ನಾಲ್ವರು ಪಾಲಕರಿಂದ ನಾಲ್ಕು ಮೊತ್ತಗಳು ಬಂದವು. ಠೇವಣಿಯನ್ನು ಇಬ್ಬರು ಸೇರಿಸಿದ್ದರು, ಇಬ್ಬರು ಬಿಟ್ಟಿದ್ದರು, ಬಸ್ಸಿನ ಶುಲ್ಕ ತಿಂಗಳದ್ದೋ ಅವಧಿಯದ್ದೋ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅದನ್ನು ಬರೆದವನು ನಾನೇ.

ಕೊನೆಯದಾಗಿ, ನೋಟ್‌ಬುಕ್ಕಿನ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆಯಲು ಹೋದಾಗ ಶಾಲೆಯಲ್ಲಿ ಉತ್ತರವೇ ಇಲ್ಲ ಎಂಬುದು ಗೊತ್ತಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ "ಬಸ್ಸಲ್ಲಿ ನಿದ್ದೆ ಹೋಗ್ಬಿಟ್ರೆ?" ಎಂಬ ಸಾಲು ಏಳು ಸಲ, ಏಳು ಬೇರೆ ಬೇರೆ ದಿನ, ಬಂದಿತ್ತು. ನಾನು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ. ಅವರು ಸಾರಿಗೆ ಮೇಲ್ವಿಚಾರಕರನ್ನು ಕರೆಸಿದರು. ಅವರು ಚಾಲಕರು ನೋಡಿಕೊಳ್ಳುತ್ತಾರೆ ಎಂದರು. ಚಾಲಕರನ್ನು ಕೇಳಿದಾಗ, ಸಹಾಯಕಿಯರು ಮಕ್ಕಳ ಜೊತೆಯಲ್ಲೇ ಇಳಿದು ತರಗತಿಯವರೆಗೆ ಹೋಗುತ್ತಾರೆ, ಬಸ್ಸನ್ನು ತಾವು ನೇರ ಶೆಡ್ಡಿಗೆ ಒಯ್ಯುತ್ತೇವೆ ಎಂದರು. ಅಷ್ಟು ಹೇಳಿ ಅವರೇ ಸುಮ್ಮನಾದರು. ಆ ಪುಟವನ್ನು ನಾವು ಎರಡು ವಾರ ತಡೆಹಿಡಿದೆವು. ಮುಖ್ಯೋಪಾಧ್ಯಾಯಿನಿಯವರು ಪ್ರತಿ ಬಸ್ಸಿಗೂ ಒಂದು ಸಹಿ ಪುಸ್ತಕ ಮಾಡಿಸಿ, ಎರಡು ವಾರವೂ ದಿನಾ ಬೆಳಿಗ್ಗೆ ಶೆಡ್ಡಿನ ಬಳಿ ನಿಂತು ಸಹಿಗಳನ್ನು ನೋಡಿದರು. ಆಮೇಲೆಯೇ ಈ ವಾಕ್ಯ ಅಚ್ಚಿಗೆ ಹೋಯಿತು: "ಮಕ್ಕಳು ಇಳಿದ ಮೇಲೆ ಸಹಾಯಕಿಯೊಬ್ಬರು ಕೊನೆಯ ಸೀಟಿನವರೆಗೆ ನಡೆದು, ಸೀಟುಗಳ ಕೆಳಗೂ ನೋಡಿ, ಸಹಿ ಹಾಕಿದ ನಂತರವೇ ಬಸ್ಸು ಶೆಡ್ಡಿಗೆ ಹೋಗುತ್ತದೆ."