ಕಾರ್ಟಲ್ಲಿ ಬಿಟ್ಟುಹೋದ ಗಿಲಕಿ

ಕೇಳುಗರಿಗೆ ನಮಸ್ಕಾರ. ಚನ್ನಪಟ್ಟಣದ ಬೊಂಬೆ ಮಾರೋ ಒಂದು ಸಣ್ಣ ಆನ್‌ಲೈನ್ ಅಂಗಡಿಗೆ ನಾನು ಜಾಹೀರಾತು ಬರೀತೀನಿ. ಅದರಲ್ಲೂ ಜಾಸ್ತಿ ಬರೆಯೋದು ಸೈಟಿಗೆ ಬಂದು, ಬೊಂಬೆ ಆರಿಸಿ ಕಾರ್ಟಿಗೆ ಹಾಕಿ, ದುಡ್ಡು ಕಟ್ಟದೆ ಹೋಗಿಬಿಟ್ಟವರಿಗೆ. ಆಮೇಲೆ ಅವರು ಫೇಸ್‌ಬುಕ್ಕೋ ಇನ್‌ಸ್ಟಾಗ್ರಾಮೋ ತೆಗೆದಾಗ ಅದೇ ಬೊಂಬೆ ಮತ್ತೆ ಕಣ್ಣಿಗೆ ಬೀಳುತ್ತಲ್ಲ, ಅದನ್ನೇ ರೀಟಾರ್ಗೆಟಿಂಗ್ ಅನ್ನೋದು. ಚಿತ್ರ, ಬೆಲೆ ಎಲ್ಲ ಕ್ಯಾಟಲಾಗ್‌ನಿಂದ ತಾನೇ ಬರುತ್ತೆ, ಅದರ ಮೇಲಿನ ಎರಡು ಸಾಲು ಮಾತ್ರ ನಮ್ಮ ಕೈಲಿರೋದು.

ಮೊದಮೊದಲು ನಾನು ಬರೀತಿದ್ದಿದ್ದು "ಏನೋ ಮರೆತ್ರಾ? ನಿಮ್ಮ ಕಾರ್ಟ್ ಕಾಯ್ತಿದೆ, ಬೇಗ ಬನ್ನಿ" ಅಂತ. ಆದ್ರೆ ಅವರು ಮರೆತಿರಲ್ಲ ರೀ, ಏನೋ ಒಂದು ಅನುಮಾನ ಬಂದು ಕೈ ನಿಂತಿರುತ್ತೆ, ಅದಕ್ಕೆ ಉತ್ತರ ಕೊಡೋದು ಬಿಟ್ಟು ಬೇಗ ಬನ್ನಿ ಅಂದ್ರೆ ಯಾರು ಬರ್ತಾರೆ? ಹಾಗಾಗಿ ಈಗ ಬರೆಯೋಕೆ ಮುಂಚೆ ಅವರು ಎಲ್ಲಿ ನಿಂತರು ಅಂತ ನೋಡ್ತೀನಿ. ಸೈಟಲ್ಲಿ ಹಾಕಿರೋ ಪಿಕ್ಸೆಲ್ ಅನ್ನೋ ಫೇಸ್‌ಬುಕ್‌ನ ಸಣ್ಣ ಕೋಡ್ ಒಂದೊಂದು ಹೆಜ್ಜೆಯನ್ನೂ ಗುರುತು ಹಾಕ್ಕೊಳ್ಳುತ್ತೆ, ಕಾರ್ಟಿಗೆ ಹಾಕಿದ್ರೆ AddToCart, ವಿಳಾಸ ತುಂಬೋ ಕಡೆ ಹೋದ್ರೆ InitiateCheckout, ದುಡ್ಡು ಕಟ್ಟಿದ್ರೆ Purchase.

ಒಂದು ಗಿಲಕಿ ತಗೊಳ್ಳಿ, ಬೆಲೆ 350 ರೂಪಾಯಿ. ಕಾರ್ಟಿಗೆ ಹಾಕಿ ವಿಳಾಸದವರೆಗೂ ಹೋಗದವರಿಗೆ ಹೆಚ್ಚಾಗಿ ಅನುಮಾನ ಇರೋದು ಗಿಲಕಿ ಮೇಲೇನೇ. ವಾಟ್ಸಾಪಲ್ಲಿ ನಮಗೆ ಬರೋ ಪ್ರಶ್ನೆಗಳಲ್ಲೂ ಅದು ಗೊತ್ತಾಗುತ್ತೆ, ಮಗು ಬಾಯಿಗೆ ಇಟ್ಕೊಂಡ್ರೆ ಬಣ್ಣ ಬಿಡುತ್ತಾ, ಕೈಯಲ್ಲಿ ಹಿಡಿಯೋಕೆ ಆಗುತ್ತಾ, ಇದೇ ಕೇಳ್ತಾರೆ. ಇವರಿಗೆ ನಾನು ಬರೆದಿದ್ದು ಹೀಗೆ: "ಆಲೆ ಮರ, ಮೇಲೆ ಅರಗಿನ ಬಣ್ಣ. ತಿರುಗೋ ಮರಕ್ಕೆ ಅರಗು ಒತ್ತಿದಾಗ ಆ ಬಿಸಿಗೇ ಕರಗಿ ಅಂಟುತ್ತೆ, ಬ್ರಷ್ಷಲ್ಲಿ ಬಳಿದಿದ್ದಲ್ಲ. ಉದ್ದ ನಿಮ್ಮ ಅಂಗೈಯಷ್ಟು." ಅಷ್ಟೇ. "ಮಗುವಿಗೆ ಸೇಫ್" ಅಂತ ಸೇರಿಸೋಕೆ ಮನಸ್ಸಾಗುತ್ತೆ, ಆದ್ರೆ ಆ ಗಿಲಕಿಯ ಲ್ಯಾಬ್ ರಿಪೋರ್ಟ್ ನಮ್ಮ ಕೈಲಿಲ್ಲದೆ ಆ ಮಾತು ನಾನು ಬರೆಯಲ್ಲ, ಅರಗು ಅಂದ ಮಾತ್ರಕ್ಕೆ ಅದರಲ್ಲಿ ಬೆರೆಸಿದ ಬಣ್ಣ ಅರಿಶಿನದ್ದೋ ಕೆಮಿಕಲ್ಲೋ ಅಂತ ಹೇಳಕ್ಕಾಗಲ್ಲ, ಮಾಡಿದ ಕುಶಲಕರ್ಮಿಯನ್ನೇ ಕೇಳ್ಬೇಕು.

ಇನ್ನು ವಿಳಾಸ ತುಂಬಿ ಅಲ್ಲಿಂದ ವಾಪಸ್ ಹೋದವರು ಬೇರೆ ತರ. ಇವರಿಗೆ ಗಿಲಕಿ ಇಷ್ಟ ಆಗಿದೆ, 350ರ ಸಾಮಾನಿಗೆ ಕೊರಿಯರ್ 80 ಅಂತ ಕೊನೇಲಿ ಕಾಣಿಸಿದಾಗ ಬೇಡ ಅನ್ನಿಸಿದೆ. ಇವರ ಹತ್ರ ಹೋಗಿ ಅರಗಿನ ಕಥೆ ಹೇಳಿದ್ರೆ ಏನು ಪ್ರಯೋಜನ? "ಗಿಲಕಿ 350, ಕೊರಿಯರ್ 80. ಜೊತೆಗೆ ಬುಗುರಿ ತಗೊಂಡ್ರೂ ಕೊರಿಯರ್ ಅದೇ 80" ಅಂತ ನೇರವಾಗಿ ಬರೆದೆ. ಕೂಪನ್ ಕೊಡಬಹುದಿತ್ತು ನಿಜ, ಆದ್ರೆ ಕಾರ್ಟಲ್ಲಿ ಬಿಟ್ರೆ ರಿಯಾಯಿತಿ ಬರುತ್ತೆ ಅಂತ ಒಂದ್ಸಲ ಗೊತ್ತಾದವರು ಮುಂದಿನ ಸಲ ಬೇಕಂತಾನೇ ಬಿಟ್ಟು ಹೋಗ್ತಾರೆ, ಆ ಕಡಿತ ಕೊನೆಗೆ ಬೊಂಬೆ ಮಾಡೋರ ಕೂಲಿ ಮೇಲೇ ಬೀಳುತ್ತೆ.

ಅಂದ್ಹಾಗೆ, ಸೈಟಿಗೆ ಬರೋರೇ ಕಮ್ಮಿ, ತಿಂಗಳಿಗೆ ಐವತ್ತೋ ಅರವತ್ತೋ ಕಾರ್ಟ್ ಅಷ್ಟೇ ಅಂದ್ರೆ ಎರಡು ಗುಂಪು ಮಾಡ್ಬೇಡಿ, ಜಾಹೀರಾತು ಸರಿಯಾಗಿ ಓಡೋದೇ ಇಲ್ಲ. ಒಂದೇ ಗುಂಪಿಟ್ಟು ವಸ್ತುವಿನ ಅನುಮಾನಕ್ಕೇ ಉತ್ತರ ಬರೀರಿ, ಕೊರಿಯರ್ ಎಷ್ಟು ಅನ್ನೋದನ್ನ ಗಿಲಕಿಯ ಪುಟದಲ್ಲೇ ಹಾಕಿ.

"ಇನ್ನೆರಡೇ ಉಳಿದಿವೆ" ಅನ್ನೋ ಸಾಲಿನ ಬಗ್ಗೆ ಒಂದು ಮಾತು. ಎರಡೇ ಇದ್ರೆ ಧಾರಾಳವಾಗಿ ಹೇಳಿ, ಕೈಯಲ್ಲಿ ಮಾಡೋ ಸಾಮಾನಲ್ಲಿ ಅದು ನಿಜಾನೂ ಆಗಿರುತ್ತೆ. ಒಳಗೆ ನಲವತ್ತು ಇಟ್ಕೊಂಡು ಹಾಗೆ ಬರೆದ್ರೆ ಅದು ಸುಳ್ಳು ಅವಸರ, 2023ರ ನವೆಂಬರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೆಸರಿಸಿರೋ 13 ಮೋಸಗಳಲ್ಲಿ ಅದೂ ಒಂದು.

ನಮಗೆ ನಿಜವಾಗ್ಲೂ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಒಬ್ಬ ಅಮ್ಮ ಫೋನ್ ಮಾಡಿ, "ದುಡ್ಡು ಕೊಟ್ಟಾಯ್ತು, ಗಿಲಕಿ ಬಂದೂ ಆಯ್ತು, ಇನ್ನೂ ಯಾಕಪ್ಪ ದಿನಾ ತೋರಿಸ್ತೀರಾ" ಅಂದ್ರು. ನೋಡಿದ್ರೆ ಅವರು ಕಾರ್ಟಿಗೆ ಹಾಕಿ, ಆಮೇಲೆ ವಾಟ್ಸಾಪಲ್ಲಿ ಮಾತಾಡಿ ಯುಪಿಐಲಿ ದುಡ್ಡು ಹಾಕಿದ್ರು, ಸೈಟಲ್ಲಿ Purchase ಗುರುತೇ ಬಿದ್ದಿರಲಿಲ್ಲ. ನಮ್ಮಲ್ಲಿ ಹಾಗೆ ಕೊಳ್ಳೋರು ಬಹಳ ಜನ. ಈಗ ಆರ್ಡರ್ ತಗೊಳ್ಳುವಾಗಲೇ ಅವರನ್ನ ಒಂದು ಮಾತು ಕೇಳಿ, ಒಪ್ಪಿದವರ ನಂಬರನ್ನ ಪ್ರತಿ ಶನಿವಾರ ಹೊರಗಿಡೋ ಪಟ್ಟಿಗೆ ಸೇರಿಸ್ತೀನಿ, ಉಳಿದವರಿಗೂ ಕಾರ್ಟಿಗೆ ಹಾಕಿ ಏಳು ದಿನ ಆದ್ಮೇಲೆ ಜಾಹೀರಾತು ತೋರಿಸೋದನ್ನ ನಿಲ್ಲಿಸ್ತೀನಿ. ಆ ಅಮ್ಮ ಆಮೇಲೆ ಮೊಮ್ಮಗಳ ನಾಮಕರಣಕ್ಕೆ ಅಂತ ಇನ್ನೊಂದು ಗಿಲಕಿ ತರಿಸಿಕೊಂಡ್ರು, ಅದೂ ವಾಟ್ಸಾಪಲ್ಲೇ.