ಯಾವ ಲೋ ಮುರಿದರೆ ಟ್ರೆಂಡ್ ಮುರಿದಂತೆ?

ಎಲ್ಲರಿಗೂ ನಮಸ್ಕಾರ.

ಏರುತ್ತಿರುವ ಮಾರುಕಟ್ಟೆಯಲ್ಲಿ ಪ್ರತಿ ಹೈ ಹಿಂದಿನ ಹೈಗಿಂತ ಮೇಲಿರುತ್ತದೆ, ಪ್ರತಿ ಲೋ ಕೂಡ ಹಿಂದಿನದಕ್ಕಿಂತ ಮೇಲೇ ನಿಲ್ಲುತ್ತದೆ. ಹೈಯರ್ ಹೈ, ಹೈಯರ್ ಲೋ ಅಂದರೆ ಇಷ್ಟೇ. ಆದರೆ ಚಾರ್ಟ್ ತೆರೆದರೆ ಹತ್ತಾರು ಲೋಗಳು ಕಾಣುತ್ತವೆ. ಲೆಕ್ಕಕ್ಕೆ ಬರುವುದು ಯಾವುದು? ಇವತ್ತು ಅದೊಂದನ್ನೇ ನೋಡೋಣ.

ಉದಾಹರಣೆಗೆ, 15 ನಿಮಿಷದ ಚಾರ್ಟಿನಲ್ಲಿ ಒಂದು ಷೇರು 400ರಿಂದ 430ಕ್ಕೆ ಏರಿ, 415ಕ್ಕೆ ಇಳಿಯಿತು ಅನ್ನಿ. ಆಮೇಲೆ ಒಂದು ಕ್ಯಾಂಡಲ್ 430ರ ಮೇಲೆ ಕ್ಲೋಸ್ ಆಯಿತು. ಇದು ಬ್ರೇಕ್ ಆಫ್ ಸ್ಟ್ರಕ್ಚರ್. ಹೊಸ ಹೈಗೆ ಕಾರಣವಾದ 415 ಈಗ ನಮ್ಮ ಗಡಿ, ಇದರ ಕೆಳಗೆ ಕ್ಲೋಸ್ ಆದರೆ ಟ್ರೆಂಡ್ ಮುರಿದಂತೆ. ಬೆಲೆ 440 ಮುಟ್ಟಿ, 436ಕ್ಕೆ ಸ್ವಲ್ಪ ತಗ್ಗಿ, 448ಕ್ಕೆ ಹೋಯಿತು. ಅಲ್ಲಿಂದ ಇಳಿಯುತ್ತಾ 436ರ ಕೆಳಗೆ ಬಂದ ಕೂಡಲೇ ಹಲವರು ‘ಚೇಂಜ್ ಆಫ್ ಕ್ಯಾರೆಕ್ಟರ್ ಆಯ್ತು’, ಅಂದರೆ ಏರಿಕೆಯ ಟ್ರೆಂಡ್ ಮುರಿಯಿತು, ಅಂತ ಮಾರಲು ಓಡುತ್ತಾರೆ. ಆಗಿಲ್ಲ. 436 ಏರಿಕೆಯ ಒಳಗಿನ ನಾಲ್ಕೇ ರೂಪಾಯಿಯ ಸಣ್ಣ ತಗ್ಗು, ಅಷ್ಟೇ. 415 ಇನ್ನೂ ಗಟ್ಟಿಯಾಗಿದೆ.

ಈ ಇಳಿಕೆ 426ರಲ್ಲಿ ನಿಂತಿತು. ಗಡಿಯನ್ನು ಆಗಲೇ 426ಕ್ಕೆ ಏರಿಸಬೇಡಿ. ಬೆಲೆ 448ರ ಮೇಲೆ ಕ್ಲೋಸ್ ಆದಾಗ ಮಾತ್ರ 426 ಲೆಕ್ಕಕ್ಕೆ ಬರುತ್ತದೆ. ನಮ್ಮ ಷೇರು 450ರಲ್ಲಿ ಕ್ಲೋಸ್ ಆಗಿ, 456ರವರೆಗೆ ಹೋಗಿ, ತಿರುಗಿ ಹೊಸ ಗಡಿಯಾದ 426ರ ಕೆಳಗೆ, 424ರಲ್ಲಿ ಕ್ಲೋಸ್ ಆಯಿತು. ಇದು ನಿಜವಾದ ಚೇಂಜ್ ಆಫ್ ಕ್ಯಾರೆಕ್ಟರ್.

ಕ್ಲೋಸ್ ಅಂತ ಒತ್ತಿ ಹೇಳುವುದಕ್ಕೆ ಕಾರಣವಿದೆ. ಗೊತ್ತಿರುವ ಲೋ ಕೆಳಗೆ ಸ್ಟಾಪ್‌ಲಾಸ್‌ಗಳು ಗುಂಪಾಗಿ ಕೂತಿರುತ್ತವೆ. 424ರಲ್ಲಿ ಕ್ಲೋಸ್ ಆಗುವ ಬದಲು ಬೆಲೆ 423ಕ್ಕೆ ಇಣುಕಿ, ಅವುಗಳನ್ನು ಎಬ್ಬಿಸಿ, 429ರಲ್ಲಿ ಕ್ಲೋಸ್ ಆದರೆ ಉದ್ದ ವಿಕ್ ಮಾತ್ರ ಉಳಿಯುತ್ತದೆ, ಸ್ಟ್ರಕ್ಚರ್ ಮುರಿದಿಲ್ಲ. ಬೆಳಿಗ್ಗೆ 9:15ರ ಗ್ಯಾಪ್ ಇನ್ನೂ ಮೋಸದ್ದು. ಗ್ಯಾಪ್‌ನಲ್ಲೇ ಗಡಿ ದಾಟಿದ್ದರೆ ಮೊದಲ ಒಂದೆರಡು ಕ್ಯಾಂಡಲ್ ಮುಗಿಯುವವರೆಗೆ ಕೈ ಕಟ್ಟಿ ಕೂರುವುದೇ ವಾಸಿ.

ಚೇಂಜ್ ಆಫ್ ಕ್ಯಾರೆಕ್ಟರ್ ಆಯಿತೆಂದರೆ ಕುಸಿತ ಶುರುವಾಯಿತು ಎಂದಲ್ಲ. ಏರಿಕೆಗೆ ಇದ್ದ ಪುರಾವೆ ಹೋಯಿತು, ಅಷ್ಟೇ. ಬೆಲೆ ವಾರಗಟ್ಟಲೆ ಅಡ್ಡಾದಿಡ್ಡಿ ಓಡಾಡಲೂಬಹುದು. ಕೈಯಲ್ಲಿ ಷೇರಿದ್ದವರಿಗೆ ಹೊರಬರಲು ಇಷ್ಟು ಸಾಕು. ಶಾರ್ಟ್ ಮಾಡುವವರಿಗೆ ಸಾಲದು. ನಮ್ಮ ಷೇರು 419ಕ್ಕೆ ಇಳಿದು, 438ರವರೆಗೆ ಪುಟಿದು, ಅಲ್ಲಿ ಸೋತು, 417ರಲ್ಲಿ ಕ್ಲೋಸ್ ಆಗಲಿ. ಈಗ ಲೋಯರ್ ಹೈ, ಲೋಯರ್ ಲೋ ಎರಡೂ ಸಿಕ್ಕವು. ಕೆಳಮುಖದ ಮೊದಲ ಬ್ರೇಕ್ ಆಫ್ ಸ್ಟ್ರಕ್ಚರ್ ಇದು. 417ರಲ್ಲಿ ಮಾರಿ 439ಕ್ಕೆ ಸ್ಟಾಪ್ ಇಟ್ಟರೆ ಒಂದು ಷೇರಿಗೆ 22 ರೂಪಾಯಿ ಅಪಾಯ. 2,200 ರೂಪಾಯಿ ನಷ್ಟ ತಾಳಬಲ್ಲವರು 100 ಷೇರು ಮಾರಬಹುದು, ಅದಕ್ಕಿಂತ ಹೆಚ್ಚು ಬೇಡ. ಕ್ಯಾಶ್ ಮಾರುಕಟ್ಟೆಯ ಶಾರ್ಟನ್ನು ಅದೇ ದಿನ ಮುಚ್ಚಬೇಕು. ಆದ್ದರಿಂದ ಈ ಸೂಚನೆ ಮಧ್ಯಾಹ್ನ ಮೂರರ ಹೊತ್ತಿಗೆ ಬಂದರೆ ಬಿಟ್ಟುಬಿಡಿ.