ಮೊದಲ ಫೋನ್ ಕರೆಯಲ್ಲೇ ಬರುವ ಸಂಬಳದ ಪ್ರಶ್ನೆ

ಮಾನ್ಯರೇ, ಹುಬ್ಬಳ್ಳಿ-ಧಾರವಾಡದ ಕಂಪನಿಗಳಲ್ಲಿ ಎರಡು-ಮೂರು ವರ್ಷ ದುಡಿದು ಈಗ ಬೆಂಗಳೂರಿನ ಕೆಲಸಗಳಿಗೆ ಅರ್ಜಿ ಹಾಕುತ್ತಿರುವವರೇ ಈ ಸಭೆಯಲ್ಲಿ ಹೆಚ್ಚಾಗಿರುವುದರಿಂದ, ಸಂದರ್ಶನದ ಸಿದ್ಧತೆಯನ್ನು ಪಕ್ಕಕ್ಕಿಟ್ಟು, ಅದಕ್ಕೂ ಮೊದಲು ಎಚ್‌ಆರ್ ಕಡೆಯಿಂದ ಬರುವ ಹತ್ತು ನಿಮಿಷದ ಕರೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ. ಆ ಕರೆಯಲ್ಲಿ ಅನುಭವ ಎಷ್ಟು, ಈಗಿನ ಸಿಟಿಸಿ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ಎಂದು ಕೇಳಿದ ಉಸಿರಿನಲ್ಲೇ ‘ಎಕ್ಸ್‌ಪೆಕ್ಟೆಡ್ ಸಿಟಿಸಿ ಎಷ್ಟು?’ ಎಂದು ಕೇಳುತ್ತಾರೆ. ಕೆಲಸದ ವಿವರವಾಗಲಿ, ಕಂಪನಿ ಎಷ್ಟು ಕೊಡಲು ಸಿದ್ಧವಿದೆ ಎಂಬುದಾಗಲಿ ನಿಮಗೆ ಆಗ ಗೊತ್ತಿರುವುದಿಲ್ಲ. ಕೇಳುತ್ತಿರುವವರ ಮುಂದೆ ಮಾತ್ರ ಆ ಹುದ್ದೆಗೆ ಮಂಜೂರಾದ ಬಜೆಟ್ ಇರುತ್ತದೆ. ನೀವು ಹೇಳಿದ ಅಂಕಿ ಅದಕ್ಕಿಂತ ತೀರಾ ಮೇಲಿದ್ದರೆ ಕರೆ ಅಲ್ಲಿಗೇ ಮುಗಿಯುತ್ತದೆ. ತೀರಾ ಕೆಳಗಿದ್ದರೆ, ಮುಂದೆ ಎಷ್ಟೇ ಚೆನ್ನಾಗಿ ಸಂದರ್ಶನ ಕೊಟ್ಟರೂ ಆಫರ್ ಆ ಅಂಕಿಯ ಸುತ್ತಲೇ ತಿರುಗುತ್ತದೆ.

ಈ ಪ್ರಶ್ನೆಗೆ ನಮ್ಮ ಭಾಗದ ಮಕ್ಕಳು ಕೊಡುವ ಉತ್ತರಗಳು ಎರಡೇ. ಒಂದು, ‘ನೀವ ನೋಡಿ ಕೊಡ್ರಿ ಸರ್’ ಎನ್ನುವುದು. ರೊಕ್ಕದ ಮಾತು ಮೊದಲು ಎತ್ತಬಾರದೆಂಬ ಮನೆಯ ಸಂಸ್ಕಾರದಿಂದ ಬಂದ ಮಾತದು. ಮನೆಯಲ್ಲಿ ಅದು ಚೆಂದ, ಈ ಕರೆಯಲ್ಲಿ ಅಲ್ಲ. ಇನ್ನೊಂದು, ‘ಈಗಿನದರ ಮೇಲೆ ಮೂವತ್ತು ಪರ್ಸೆಂಟ್’ ಎನ್ನುವುದು. ಈ ಎರಡನೆಯದನ್ನು ಎಲ್ಲರೂ ಜಾಣ ಉತ್ತರವೆಂದು ನಂಬಿರುವುದರಿಂದ, ಅದು ಎಷ್ಟು ಹಾನಿ ಮಾಡುತ್ತದೆಂದು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ.

ಉಣಕಲ್‌ನಲ್ಲಿ ತಂದೆ-ತಾಯಿಯ ಮನೆಯಲ್ಲಿದ್ದು, ಇಲ್ಲಿಯ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಸಿಟಿಸಿ 4,20,000 ರೂಪಾಯಿ, ಅಂದರೆ ಕಾಗದದ ಮೇಲೆ ತಿಂಗಳಿಗೆ 35,000. ಅದರೊಳಗೆ 42,000 ವೇರಿಯಬಲ್. ವರ್ಷದ ಕೊನೆಗೆ ಬಂದರೆ ಬಂತು. ತಿಂಗಳ ಬೇಸಿಕ್ 15,000 ಇರುವುದರಿಂದ ಕಂಪನಿಯ ಪಾಲಿನ ಪಿಎಫ್ 21,600, ಗ್ರಾಚ್ಯುಟಿ ಎಂದು ಬೇಸಿಕ್‌ನ ಶೇ. 4.81ರಂತೆ ಸುಮಾರು 8,650. ಇವನ್ನೆಲ್ಲ ಕಳೆದು, ಅವಳ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ಮುರಿದುಕೊಂಡ ಮೇಲೆ ತಿಂಗಳಿಗೆ ಕೈಗೆ ಬರುವುದು ಹೆಚ್ಚುಕಡಿಮೆ 27,000.

ಇವಳು ಬೆಂಗಳೂರಿನ ಕರೆಗೆ ಮೂವತ್ತು ಪರ್ಸೆಂಟ್ ಸೇರಿಸಿ 5,46,000 ಎಂದು ಹೇಳಿದಳು, ಅಷ್ಟೂ ಸಿಕ್ಕಿತು ಎನ್ನೋಣ. ಅದರಲ್ಲೂ ಹತ್ತು ಪರ್ಸೆಂಟ್ ವೇರಿಯಬಲ್ ಇದ್ದರೆ, ಪಿಎಫ್, ಗ್ರಾಚ್ಯುಟಿ ಕಳೆದು ಕೈಗೆ ಬರುವುದು ಸುಮಾರು 36,200. ಪಿಜಿ, ಊಟ, ಓಡಾಟ, ಊರಿಗೆ ಬಂದುಹೋಗುವ ರೈಲಿನ ಖರ್ಚು ಸೇರಿ ತಿಂಗಳಿಗೆ 18,000 ಹೊಸದಾಗಿ ಹೋಗುತ್ತದೆಂದರೆ ಉಳಿಯುವುದು 18,200. ಉಣಕಲ್‌ನ ಮನೆಯಲ್ಲಿದ್ದಾಗ ಉಳಿಯುತ್ತಿದ್ದುದಕ್ಕಿಂತ ಸುಮಾರು 9,000 ಕಡಿಮೆ! ಹೈಕ್ ಸಿಕ್ಕಿತೆಂದು ಪೇಢಾ ಹಂಚಿದ ತಿಂಗಳಿನಿಂದಲೇ ಈ ನಷ್ಟ ಶುರುವಾಗುತ್ತದೆ.

ಆದ್ದರಿಂದ ಲೆಕ್ಕವನ್ನು ತಿರುಗಿಸಿ ಮಾಡಬೇಕು. ಈಗಿನಷ್ಟೇ ಉಳಿಯಬೇಕಾದರೆ 27,000ಕ್ಕೆ 18,000 ಸೇರಿ 45,000 ಕೈಗೆ ಬರಬೇಕು. ಅವಳ ಪಿಎಫ್ ಮತ್ತು ವೃತ್ತಿ ತೆರಿಗೆಯ 2,000 ಕೂಡಿಸಿದರೆ 47,000, ವರ್ಷಕ್ಕೆ 5,64,000. ಅದರ ಮೇಲೆ ಕಂಪನಿಯ ಪಿಎಫ್ 21,600 ಮತ್ತು ಬೇಸಿಕ್ ಅರ್ಧದಷ್ಟಿದ್ದರೆ ಗ್ರಾಚ್ಯುಟಿ ಸುಮಾರು 13,500 ಸೇರಿದಾಗ, ವೇರಿಯಬಲ್ ಬಿಟ್ಟು ಫಿಕ್ಸೆಡ್ ಮೊತ್ತವೇ ಹತ್ತಿರಹತ್ತಿರ 6 ಲಕ್ಷ. ಇಷ್ಟು ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ. ಆದರೆ ಕೆಲವು ಕಂಪನಿಗಳು ಪಿಎಫ್ ಅನ್ನು 1,800ಕ್ಕೆ ನಿಲ್ಲಿಸದೆ ಪೂರ್ತಿ ಬೇಸಿಕ್ ಮೇಲೆ ಶೇ. 12ರಂತೆ ಮುರಿಯುತ್ತವೆ, ಆಗ ಇದೇ 6 ಲಕ್ಷಕ್ಕೆ ಕೈಗೆ ಬರುವುದು ತಿಂಗಳಿಗೆ ಇನ್ನೂ 2,000ದಷ್ಟು ಇಳಿಯುತ್ತದೆ. ಆ ಹಣ ನಿಮ್ಮ ಪಿಎಫ್ ಖಾತೆಗೇ ಹೋಗುತ್ತದೆ, ನಿಜ. ಪಿಜಿ ಬಾಡಿಗೆಗೆ ಮಾತ್ರ ಒದಗುವುದಿಲ್ಲ.

ಈ 6 ಲಕ್ಷ ಅವಳ ತಳ. ಇದನ್ನು ಬಾಯಿಬಿಟ್ಟು ಹೇಳಬಾರದು, ಏಕೆಂದರೆ ಇಷ್ಟಕ್ಕೆ ಊರು ಬಿಟ್ಟರೆ ಅವಳಿಗೆ ಒಂದು ರೂಪಾಯಿಯೂ ಹೆಚ್ಚು ಉಳಿಯುವುದಿಲ್ಲ. ಹೇಳಬೇಕಾದ ಅಂಕಿ ಬರಬೇಕಾದದ್ದು, ಇದೇ ಕೆಲಸವನ್ನು ಇಷ್ಟೇ ಅನುಭವದಿಂದ ಅಲ್ಲಿ ಮಾಡುತ್ತಿರುವ ಸೀನಿಯರ್‌ಗಳಿಂದ. ಅವರಿಗೂ ‘ಸಿಟಿಸಿ ಎಷ್ಟು’ ಎಂದು ಕೇಳದೆ ‘ಫಿಕ್ಸೆಡ್ ಎಷ್ಟು, ಕೈಗೆ ಎಷ್ಟು’ ಎಂದೇ ಕೇಳಿರಿ. ಅವರು ಫಿಕ್ಸೆಡ್ ಆರೂವರೆಯಿಂದ ಎಂಟರವರೆಗೆ ಎಂದರೆ, ಇವಳ ಅಂಕಿ ಫಿಕ್ಸೆಡ್ 7 ಲಕ್ಷ.

ಇನ್ನು ಕರೆಯ ಮಾತಿಗೆ ಬರೋಣ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ರೈತ ಲಾಟ್ ಇಡುತ್ತಾನೆ, ಟೆಂಡರ್‌ನಲ್ಲಿ ದರ ಹಾಕುವವನು ಖರೀದಿದಾರ, ದರ ಒಪ್ಪದಿದ್ದರೆ ಕೊಡದಿರುವ ಹಕ್ಕು ರೈತನದು. ಕೊಳ್ಳುವವನು ಮೊದಲು ದರ ಹೇಳುವುದು ನಮಗೆ ಹೊಸದೇನಲ್ಲ. ಸರ್ಕಾರಿ ನೇಮಕಾತಿಯ ಅಧಿಸೂಚನೆಯಲ್ಲೂ ವೇತನ ಶ್ರೇಣಿ ಅಚ್ಚಾಗಿಯೇ ಬರುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ 2021ರಿಂದ ಉದ್ಯೋಗದ ಜಾಹೀರಾತಿನಲ್ಲೇ ಸಂಬಳದ ಶ್ರೇಣಿ ಹಾಕಬೇಕೆಂಬ ಕಾನೂನಿದೆ. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಕಾನೂನಿಲ್ಲದಿರುವುದರಿಂದ, ಶ್ರೇಣಿಯನ್ನು ನಾವೇ ಕೇಳಿ ತಿಳಿಯಬೇಕು.

‘ಮೇಡಂ, ಈ ಹುದ್ದೆಗೆ ಬಜೆಟ್ ಎಷ್ಟರಿಂದ ಎಷ್ಟರವರೆಗೆ ಇದೆ? ತಿಳಿದರೆ ನನಗೆ ಹೊಂದುತ್ತದೆಯೋ ಇಲ್ಲವೋ ಈಗಲೇ ಹೇಳುತ್ತೇನೆ, ನಿಮ್ಮ ಸಮಯವೂ ಉಳಿಯುತ್ತದೆ’ ಎಂದು ಮೊದಲ ಸಲ ಕೇಳಿರಿ. ಎಷ್ಟೋ ಮಂದಿ ಹೇಳಿಬಿಡುತ್ತಾರೆ. ‘ಅದನ್ನು ಹೇಳೋಕಾಗಲ್ಲ, ನನಗೆ ಕಾಲಂ ತುಂಬಬೇಕು’ ಎಂದರೆ ಜಗ್ಗಾಟ ಬೇಡ. ಅವರು ನಿಜವಾಗಿಯೂ ಕಾಲಂ ತುಂಬಬೇಕಾಗಿರುತ್ತದೆ; ಖಾಲಿ ಬಿಟ್ಟ ಹೆಸರು ಮುಂದಕ್ಕೆ ಹೋಗುವುದಿಲ್ಲ. ಆಗ ಹೀಗೆ ಹೇಳಿರಿ: ‘ಈ ಕೆಲಸಕ್ಕೆ ಬೆಂಗಳೂರಿನಲ್ಲಿ ನಡೆಯುತ್ತಿರುವ ಸಂಬಳ ನೋಡಿದರೆ, ವೇರಿಯಬಲ್ ಬಿಟ್ಟು ಫಿಕ್ಸೆಡ್ 7 ಲಕ್ಷದ ಆಸುಪಾಸು ನನ್ನ ನಿರೀಕ್ಷೆ. ಇದು ನಿಮ್ಮ ಬಜೆಟ್‌ನೊಳಗೆ ಬರುತ್ತದೆಯೇ?’ ಕೊನೆಯ ಆ ಪ್ರಶ್ನೆಯನ್ನು ಬಿಡಬೇಡಿ. ‘ಬರುತ್ತದೆ’, ‘ಸ್ವಲ್ಪ ಹೆಚ್ಚಾಯಿತು’, ‘ತುಂಬಾ ಹೆಚ್ಚು’ ಎಂಬ ಮೂರರಲ್ಲಿ ಯಾವ ಉತ್ತರ ಬಂದರೂ ಬಚ್ಚಿಟ್ಟ ಶ್ರೇಣಿಯ ಒಂದು ತುದಿ ಕಾಣುತ್ತದೆ. ‘ಆರರಿಂದ ಎಂಟು’ ಎಂದು ನೀವೇ ಶ್ರೇಣಿ ಹೇಳಿದರೆ, ಅವರ ಕಾಲಂನಲ್ಲಿ ಬೀಳುವುದು ಆರು.

‘ನಮ್ಮಲ್ಲಿ ಒಟ್ಟು ಆರೂವರೆ’ ಎಂದರೆ, ಅದರಲ್ಲಿ ವೇರಿಯಬಲ್ ಎಷ್ಟು ಎಂದು ಅಲ್ಲೇ ಕೇಳಿರಿ. ಹತ್ತು ಪರ್ಸೆಂಟ್ ಇದ್ದರೆ ಫಿಕ್ಸೆಡ್ 5,85,000; ನಮ್ಮ ಹುಡುಗಿಯ ತಳಕ್ಕಿಂತ 15,000 ಕೆಳಗೆ. ಇಲ್ಲ ಎನ್ನುವ ಅಗತ್ಯವಿಲ್ಲ. ವೇರಿಯಬಲ್ ಅನ್ನು ಫಿಕ್ಸೆಡ್‌ಗೆ ಸೇರಿಸಲು ಆಗುತ್ತದೆಯೇ ಎಂದು ಕೇಳಿ, ಸಂದರ್ಶನಕ್ಕೆ ಹೋಗಬಹುದು.

ವ್ಯವಸ್ಥಾಪಕರು ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಈಗಿನ ಸಿಟಿಸಿಯನ್ನು ಹೇಳುವುದಾದರೆ ಸುಳ್ಳು ಹೇಳಲೇಬೇಡಿ. ಪೇ ಸ್ಲಿಪ್ ಮತ್ತು ಫಾರ್ಮ್ 16 ಕೇಳುತ್ತಾರೆ, ಕೊಟ್ಟ ಆಫರ್ ವಾಪಸ್ ಹೋಗುತ್ತದೆ. ಅದನ್ನು ನಿಜವಾಗಿಯೇ ಹೇಳಿ, ‘ಅದು ಹುಬ್ಬಳ್ಳಿಯ ಸಂಬಳ, ನನ್ನ ನಿರೀಕ್ಷೆ ಬೆಂಗಳೂರಿನ ಕೆಲಸದ್ದು’ ಎಂದು ಸೇರಿಸಿ. ಕ್ಯಾಂಪಸ್ ನೇಮಕಾತಿಯಲ್ಲಿ ಪ್ಯಾಕೇಜ್ ಮೊದಲೇ ನಿಗದಿಯಾಗಿರುವುದರಿಂದ ಈ ಮಾತುಗಳು ಅಲ್ಲಿಗೆ ಅನ್ವಯಿಸುವುದಿಲ್ಲ. ಕರೆ ಮುಗಿದ ಮೇಲೆ, ಹೇಳಿದ ಅಂಕಿಯನ್ನು ‘ಫಿಕ್ಸೆಡ್’ ಎಂಬ ಪದದೊಂದಿಗೇ ಒಂದು ಸಾಲಿನ ಮೇಲ್‌ನಲ್ಲಿ ಅವರಿಗೆ ಕಳುಹಿಸಿರಿ. ಆಫರ್ ತಯಾರಿಸುವವರು ಬೇರೆಯವರಾಗಿರುತ್ತಾರೆ, ಅವರು ನಿಮ್ಮ ಕರೆಯನ್ನು ಕೇಳಿರುವುದಿಲ್ಲ. ನಮಸ್ಕಾರ.